ಡಿಎರೇಟರ್ ಲೆವೆಲ್ ಜಾಸ್ತಿ ತೋರಿಸುತ್ತಿದೆಯೇ? ಝೀರೋ ಮುಟ್ಟುವ ಮೊದಲು ವೆಟ್ ಲೆಗ್ ನೋಡಿ

ಪ್ಯಾನೆಲ್‌ನಲ್ಲಿ ಲೆವೆಲ್ 66%. ಟ್ಯಾಂಕಿನ ಪಕ್ಕದ ಗೇಜ್ ಗ್ಲಾಸ್‌ನಲ್ಲಿ ನೀರು ಅರ್ಧಕ್ಕೆ ನಿಂತಿದೆ. ಗ್ಲಾಸ್ ಕಟ್ಟಿಕೊಂಡಿರಬಹುದು ಅಂತ ಬ್ಲೋಡೌನ್ ಮಾಡಿ ನೋಡಿದರೂ ನೀರು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಅಂದರೆ ತಪ್ಪು ಟ್ರಾನ್ಸ್‌ಮಿಟರ್ ಕಡೆ ಇದೆ. ಆದರೆ ಟ್ರಾನ್ಸ್‌ಮಿಟರ್‌ನಲ್ಲೇ ಇದೆ ಅಂತಲ್ಲ. ಈ ಬರಹ ಪೂರ್ತಿ ಆ ವ್ಯತ್ಯಾಸದ ಬಗ್ಗೆಯೇ.

ಜಾಗ ಪುಣೆ ಜಿಲ್ಲೆಯ ಕುರ್ಕುಂಭ್ ಎಂಐಡಿಸಿಯ ಒಂದು ಕೆಮಿಕಲ್ ಕಾರ್ಖಾನೆ. ಬಾಯ್ಲರ್‌ಗೆ ನೀರು ಕೊಡುವ ಡಿಎರೇಟರ್ ಟ್ಯಾಂಕ್. ಒಳಗೆ ಸುಮಾರು 105 ಡಿಗ್ರಿಯ ನೀರು, ಅದರ ಮೇಲೆ 0.2 ಬಾರ್ ಹಬೆ. ಜಾಸ್ತಿ ತೋರಿಸುವ ಲೆವೆಲ್ ಕಡಿಮೆ ತೋರಿಸುವುದಕ್ಕಿಂತ ಕೆಟ್ಟದ್ದು. ಟ್ಯಾಂಕ್ ತುಂಬಿದೆ ಅಂದುಕೊಂಡು ಕಂಟ್ರೋಲರ್ ಮೇಕಪ್ ವಾಲ್ವ್ ಮುಚ್ಚುತ್ತಾ ಹೋಗುತ್ತದೆ, ಕೆಳಗೆ ಫೀಡ್ ಪಂಪ್ ನೀರಿಲ್ಲದೆ ಗಡಗಡ ಅನ್ನುತ್ತದೆ. ಲೋ ಲೆವೆಲ್ ಟ್ರಿಪ್ ಕೂಡ ಇದೇ ಟ್ರಾನ್ಸ್‌ಮಿಟರ್‌ನಿಂದ ಹೋಗಿದ್ದರೆ ಅದೂ ಸುಮ್ನೆ ಕೂರುತ್ತದೆ. ಹಾಗಾಗಿ ಮೊದಲ ಕೆಲಸ ಕಂಟ್ರೋಲರನ್ನು ಮ್ಯಾನುವಲ್‌ಗೆ ಹಾಕಿಸುವುದು, ಗ್ಲಾಸ್ ನೋಡಿಕೊಂಡು ನಡೆಸಲು ಒಬ್ಬರನ್ನು ಅಲ್ಲಿ ನಿಲ್ಲಿಸುವುದು. ಆಮೇಲೆ ಸ್ಪ್ಯಾನರ್.

ಲೆಕ್ಕ ಮೊದಲು

ಕೆಳಗಿನ ಟ್ಯಾಪಿಂಗ್‌ನಿಂದ ಮೇಲಿನ ಟ್ಯಾಪಿಂಗ್‌ಗೆ 2000 ಎಂಎಂ. ಟ್ರಾನ್ಸ್‌ಮಿಟರ್ ಇರುವುದು ಕೆಳಗಿನ ಟ್ಯಾಪಿಂಗ್‌ಗಿಂತ ಇನ್ನೂ 900 ಎಂಎಂ ಕೆಳಗೆ. ಎಚ್‌ಪಿ ಕಡೆ ಕೆಳಗಿನ ಟ್ಯಾಪಿಂಗ್‌ಗೆ, ಎಲ್‌ಪಿ ಕಡೆ ಮೇಲಿನ ಟ್ಯಾಪಿಂಗ್‌ಗೆ ಹೋಗಿದೆ. ಎಚ್‌ಪಿ ಒತ್ತಡದಿಂದ ಎಲ್‌ಪಿ ಒತ್ತಡ ಕಳೆದರೆ ಬರುವುದೇ ಡಿಪಿ, ಟ್ರಾನ್ಸ್‌ಮಿಟರ್ ಅಳೆಯುವುದು ಅದನ್ನೇ. ಮೇಲೆ ಒಂದು ಕಂಡೆನ್ಸೇಟ್ ಪಾಟ್ ಇದೆ. ಹಬೆ ಅದರೊಳಗೆ ತಣ್ಣಗಾಗಿ ನೀರಾಗುತ್ತದೆ, ಎಲ್‌ಪಿ ಲೈನ್ ಯಾವಾಗಲೂ ತುಂಬಿರುತ್ತದೆ, ಹೆಚ್ಚಾದದ್ದು ಪಾಟ್‌ನಿಂದ ಉಕ್ಕಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಈ ತುಂಬಿದ ಎಲ್‌ಪಿ ಲೈನೇ ವೆಟ್ ಲೆಗ್.

ಟ್ಯಾಂಕಿನ ಬಿಸಿ ನೀರಿನ ಸ್ಪೆಸಿಫಿಕ್ ಗ್ರ್ಯಾವಿಟಿ 0.955. ಹೊರಗೆ ಗಾಳಿಗೆ ನಿಂತ ಲೆಗ್‌ನ ನೀರು 32 ಡಿಗ್ರಿಯಲ್ಲಿ 0.995. ಹಬೆಯ ತೂಕ ಇಲ್ಲಿ ಲೆಕ್ಕಕ್ಕಿಲ್ಲ. h ಅಂದರೆ ಕೆಳಗಿನ ಟ್ಯಾಪಿಂಗ್‌ನಿಂದ ಟ್ಯಾಂಕಿನ ನೀರಿನ ಎತ್ತರ.

```
DP   = h × 0.955 − 2000 × 0.995
0%   :    0 − 1990 = −1990 mmH2O → 4 mA
100% : 1910 − 1990 =   −80 mmH2O → 20 mA
```

ಅಂದರೆ LRV −1990, URV −80, ಸ್ಪ್ಯಾನ್ 1910. ಇಷ್ಟೇ.

ಆ 900 ಎಂಎಂ ಎಲ್ಲಿ ಹೋಯಿತು ಅಂತ ಕೇಳುವವರು ತುಂಬಾ ಜನ. ಟ್ರಾನ್ಸ್‌ಮಿಟರ್‌ನಿಂದ ಕೆಳಗಿನ ಟ್ಯಾಪಿಂಗ್‌ವರೆಗೆ ಎರಡೂ ಲೈನ್‌ನಲ್ಲಿ ಅದೇ ತಣ್ಣನೆ ನೀರಿದೆ. ಎಚ್‌ಪಿಯಲ್ಲಿ 900, ಎಲ್‌ಪಿಯಲ್ಲೂ 900, ಕಳೆದರೆ ಸೊನ್ನೆ. ಟ್ರಾನ್ಸ್‌ಮಿಟರನ್ನು ನೆಲಕ್ಕಿಳಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ಎರಡು ಲೈನ್‌ನಲ್ಲಿ ಬೇರೆ ಬೇರೆ ದ್ರವ ಇದ್ದಾಗ ಮಾತ್ರ ಅದನ್ನು ಹಿಡಿಯಬೇಕು. ಇಲ್ಲೂ 900 ಸೇರಿಸಿ ರೇಂಜ್ ಹಾಕಿದ ಡೇಟಾಶೀಟ್‌ಗಳಿಗೆ ಕೊರತೆಯಿಲ್ಲ. ಹ್ಯಾಂಡ್‌ಹೆಲ್ಡ್‌ನಲ್ಲಿ LRV ಸುಮಾರು −2885 ಕಂಡರೆ ಮುಂದೆ ಹೋಗಬೇಡಿ, ದೋಷ ಅಲ್ಲೇ ಇದೆ.

ತೆರೆದ ಟ್ಯಾಂಕ್ ಆಗಿದ್ದರೆ ಕಥೆ ಬೇರೆ. ಅಲ್ಲಿ ಎಲ್‌ಪಿ ಗಾಳಿಗೆ ಬಿಟ್ಟಿರುತ್ತದೆ. ಟ್ರಾನ್ಸ್‌ಮಿಟರ್ 900 ಕೆಳಗಿದ್ದರೆ ಟ್ಯಾಂಕ್ ಖಾಲಿ ಇದ್ದಾಗಲೂ ಎಚ್‌ಪಿ ಮೇಲೆ 896 ಎಂಎಂ ನೀರಿನ ಭಾರ ಇರುತ್ತದೆ. LRV +896 ಆಗುತ್ತದೆ. ಇದು ಝೀರೋ ಸಪ್ರೆಶನ್. ನಮ್ಮ ವೆಟ್ ಲೆಗ್‌ನಂತೆ LRV ಮೈನಸ್ ಆದರೆ ಝೀರೋ ಎಲಿವೇಶನ್. ಕೆಲವು ಹಾಳೆಗಳಲ್ಲಿ ಈ ಎರಡು ಹೆಸರು ಅದಲು ಬದಲಾಗಿರುತ್ತವೆ. ಅದಕ್ಕೇ ನಾನು ಹೆಸರು ನೋಡುವುದಿಲ್ಲ, ಚಿಹ್ನೆ ನೋಡುತ್ತೇನೆ.

ಇನ್ನೊಂದು ಅಳತೆ ಖಾತ್ರಿ ಮಾಡಿಕೊಳ್ಳಿ. ಲೆಗ್‌ನ ಎತ್ತರ ಅಂದರೆ ಪಾಟ್‌ನಿಂದ ನೀರು ಉಕ್ಕಿ ಟ್ಯಾಂಕಿಗೆ ಹೋಗುವ ಮಟ್ಟ, ಫ್ಲೇಂಜ್‌ನ ಎತ್ತರವಲ್ಲ. ಪಾಟನ್ನು ಸ್ವಲ್ಪ ಮೇಲೆ ಕೂರಿಸಿದ್ದರೆ 2000ದ ಜಾಗದಲ್ಲಿ 2050 ಬರಬಹುದು.

ತಪ್ಪು ಒಂದೇ ಸಮ ಇದೆಯೋ, ಲೆವೆಲ್ ಜೊತೆ ಬೆಳೆಯುತ್ತದೆಯೋ

ಹ್ಯಾಂಡ್‌ಹೆಲ್ಡ್ ಜೋಡಿಸಿ ಪರ್ಸೆಂಟ್ ಬಿಟ್ಟು ನೇರವಾಗಿ PV, ಅಂದರೆ ಸೆನ್ಸರ್ ಅಳೆಯುತ್ತಿರುವ ಡಿಪಿ, ಎಷ್ಟು mmH2O ಅಂತ ಓದಿದೆವು. ಗ್ಲಾಸ್ ಅರ್ಧ, ಅಂದರೆ 1000 ಎಂಎಂ. ಬರಬೇಕಾದದ್ದು 955 − 1990 = −1035. ಬಂದದ್ದು −735. ಮುನ್ನೂರು ಎಂಎಂ ಮೇಲೆ, ಸೊನ್ನೆಯ ಕಡೆಗೆ.

ಒಂದೇ ಬಿಂದುವಿನಿಂದ ಏನೂ ಗೊತ್ತಾಗದು. ಆಪರೇಟರ್‌ಗೆ ಹೇಳಿ ಅರ್ಧ ಗಂಟೆಯೊಳಗೆ ಲೆವೆಲ್ 30%ಗೆ ಇಳಿಸಿದೆವು. ಅಲ್ಲಿ −1417 ಇರಬೇಕು, ಇದ್ದದ್ದು −1120. ಮತ್ತೆ ಹೆಚ್ಚುಕಮ್ಮಿ ಅದೇ ಮುನ್ನೂರು. ಸ್ಪ್ಯಾನ್‌ನ ಲೆಕ್ಕದಲ್ಲಿ ಎರಡೂ ಕಡೆ 15ರಿಂದ 16% ಜಾಸ್ತಿ.

ಇದರಿಂದ ಅರ್ಧ ಕೆಲಸ ಮುಗಿದ ಹಾಗೆ. ಟ್ಯಾಂಕಿನ ನೀರಿನ ಗ್ರ್ಯಾವಿಟಿ ತಪ್ಪು ಹಾಕಿದ್ದರೆ, ಅಥವಾ ಸ್ಪ್ಯಾನ್ ತಪ್ಪಿದ್ದರೆ, ಖಾಲಿ ಟ್ಯಾಂಕ್‌ನಲ್ಲಿ ತಪ್ಪು ಸೊನ್ನೆ ಇದ್ದು ಲೆವೆಲ್ ಏರಿದಂತೆ ಬೆಳೆಯುತ್ತಿತ್ತು. ಇಲ್ಲಿ ಹಾಗಿಲ್ಲ. ಒಂದೇ ಸಮ ಇದ್ದರೆ ಕಾರಣ ಟ್ರಾನ್ಸ್‌ಮಿಟರ್‌ನ ಝೀರೋ ಸರಿದಿರಬೇಕು, ಇಲ್ಲವೇ ಲೆಗ್‌ನ ಎತ್ತರ ಬದಲಾಗಿರಬೇಕು.

ಬಿಸಿಲಿಗೆ ಹೀಗಾಗಿದೆ ಅನ್ನುವ ಮಾತು ಬೇಸಿಗೆಯಲ್ಲಿ ಯಾವಾಗಲೂ ಬರುತ್ತದೆ. ಲೆಗ್‌ನ ನೀರು 32 ಡಿಗ್ರಿಯಿಂದ 40ಕ್ಕೆ ಏರಿದರೆ ಅದರ ಗ್ರ್ಯಾವಿಟಿ 0.995ರಿಂದ 0.992ಕ್ಕೆ ಇಳಿಯುತ್ತದೆ. 2000 ಎಂಎಂಗೆ ಅದು 6 ಎಂಎಂ, ಅಂದರೆ 0.3%. ಚಳಿಗಾಲದ ಬೆಳಗ್ಗೆ 10 ಡಿಗ್ರಿಯಲ್ಲೂ ಅರ್ಧ ಪರ್ಸೆಂಟ್ ದಾಟದು. ಹದಿನೈದು ಪರ್ಸೆಂಟಿನ ಹೊಣೆಯನ್ನು ಸೂರ್ಯನ ಮೇಲೆ ಹಾಕಲಾಗದು.

ಗ್ಲಾಸಿಗೂ ತನ್ನದೇ ಒಂದು ಸಣ್ಣ ತಪ್ಪಿದೆ. ಅದರೊಳಗಿನ ನೀರು ಟ್ಯಾಂಕಿಗಿಂತ ತಣ್ಣಗಿರುವುದರಿಂದ ಅದು ಸ್ವಲ್ಪ ಕಡಿಮೆ ತೋರಿಸುತ್ತದೆ. ಗ್ಲಾಸಿನ ನೀರು 80 ಡಿಗ್ರಿ ಇದ್ದರೆ ಅರ್ಧ ಟ್ಯಾಂಕಿಗೆ ಸುಮಾರು 1%. ಒಂದೆರಡು ಪರ್ಸೆಂಟ್ ಜಗಳಕ್ಕೆ ಯಾರೂ ಸ್ಪ್ಯಾನರ್ ಎತ್ತಬೇಕಿಲ್ಲ.

ಈಕ್ವಲೈಸ್ ಮಾಡಿದಾಗ 20 ದಾಟಿದರೆ ಗಾಬರಿ ಬೇಡ

ಟ್ರಾನ್ಸ್‌ಮಿಟರ್‌ನ ಝೀರೋ ನೋಡಲು ಮ್ಯಾನಿಫೋಲ್ಡ್‌ನಲ್ಲಿ ಎರಡೂ ಕಡೆ ಒಂದೇ ಒತ್ತಡ ಕೊಡಬೇಕು. ಇಲ್ಲಿ ಕ್ರಮ ಮುಖ್ಯ. ಮೊದಲು ಎಚ್‌ಪಿ ವಾಲ್ವ್ ಮುಚ್ಚಿ. ಆಮೇಲೆ ಈಕ್ವಲೈಸ್ ವಾಲ್ವ್ ತೆರೆಯಿರಿ. ಆಮೇಲೆ ಎಲ್‌ಪಿ ಮುಚ್ಚಿ. ಮೂರೂ ವಾಲ್ವ್ ಒಟ್ಟಿಗೆ ತೆರೆದಿರುವ ಕ್ಷಣ ಬರಲೇಬಾರದು. ಬಂದರೆ ವೆಟ್ ಲೆಗ್‌ನ ನೀರು ಈಕ್ವಲೈಸ್ ವಾಲ್ವ್ ಮೂಲಕ ಎಚ್‌ಪಿ ಲೈನ್‌ಗೆ, ಅಲ್ಲಿಂದ ಟ್ಯಾಂಕಿಗೆ ಇಳಿದುಹೋಗುತ್ತದೆ. ದೋಷ ಹುಡುಕಲು ಹೋಗಿ ದೋಷ ಮಾಡಿ ಬಂದಂತಾಗುತ್ತದೆ. ವಾಪಸ್ ಸರ್ವಿಸ್‌ಗೆ ತರುವಾಗ ಇದೇ ಕ್ರಮ ಹಿಂದಿನಿಂದ: ಎಲ್‌ಪಿ ತೆರೆಯಿರಿ, ಈಕ್ವಲೈಸ್ ಮುಚ್ಚಿ, ಕೊನೆಗೆ ಎಚ್‌ಪಿ ತೆರೆಯಿರಿ.

ನಮ್ಮ ಜೊತೆ ಕಲಬುರಗಿ ಕಡೆಯ ಒಬ್ಬ ಹೊಸ ಟೆಕ್ನಿಷಿಯನ್ ಇದ್ದ. ಈಕ್ವಲೈಸ್ ಆದ ಕೂಡಲೇ ಮೀಟರ್‌ನಲ್ಲಿ ಕರೆಂಟ್ 20.5 ದಾಟಿ ನಿಂತಿತು. ಅವನು ನನ್ನ ಕಡೆ ತಿರುಗಿ ಅಂದ, "ಸರ, ಇದು ಹೋಗೇದ್ರಿ. ಈಕ್ವಲೈಸ್ ಮಾಡಿದ್ರ ನಾಲ್ಕು ಬರಬೇಕಲ್ರಿ? ಝೀರೋ ಹೊಡೀಲೇನ್ರಿ?"

"ತಡಿಯೋ ತಮ್ಮಾ, PV ನೋಡು ಮೊದಲು" ಅಂದೆ.

PV +2 mmH2O ಇತ್ತು. ಅಂದರೆ ಸೆನ್ಸರ್ ಸರಿಯಾಗಿಯೇ ಇದೆ. ಡಿಪಿ ಸೊನ್ನೆ ಇದ್ದಾಗ 4 mA ಬರುವುದು LRV ಸೊನ್ನೆ ಇರುವ ಟ್ರಾನ್ಸ್‌ಮಿಟರ್‌ನಲ್ಲಿ, ಫ್ಲೋ ಮೀಟರ್‌ನಲ್ಲಿ ಇರುವ ಹಾಗೆ. ನಮ್ಮದರಲ್ಲಿ ಸೊನ್ನೆ ಅನ್ನುವುದು URV −80ಕ್ಕಿಂತಲೂ ಮೇಲಿದೆ.

```
(0 + 1990) / 1910 = 104.2% → 4 + 16 × 1.042 = 20.67 mA
```

ಟ್ರಾನ್ಸ್‌ಮಿಟರ್‌ನ ಮೇಲ್ಮಿತಿ 20.5ಕ್ಕೆ ಇಟ್ಟಿದ್ದರೆ ಅಲ್ಲೇ ನಿಲ್ಲುತ್ತದೆ, 20.8 ಇದ್ದರೆ 20.67 ಕಾಣುತ್ತದೆ. ಎರಡೂ ಸರಿಯೇ. ಈ ಹೊತ್ತಿನಲ್ಲಿ ಟ್ರಾನ್ಸ್‌ಮಿಟರ್ ತಲೆಯ ಮೇಲಿನ ಝೀರೋ ಬಟನ್ ಒತ್ತಿದರೆ ಏನಾಗುತ್ತದೆ ಗೊತ್ತಲ್ವಾ? ಆ ಬಟನ್‌ಗೆ LRV ಹಾಕುವ ಕೆಲಸ ಕೊಟ್ಟಿದ್ದರೆ LRV ಸೊನ್ನೆಗೆ ಬಂದು ಕೂರುತ್ತದೆ. ಅಲ್ಲಿಂದಾಚೆ ಟ್ಯಾಂಕ್‌ನಲ್ಲಿ ಎಷ್ಟೇ ನೀರಿದ್ದರೂ ಪ್ಯಾನೆಲ್‌ನಲ್ಲಿ ಸೊನ್ನೆಗಿಂತ ಕೆಳಗೆ.

ಹ್ಯಾಂಡ್‌ಹೆಲ್ಡ್‌ನ ಝೀರೋ ಟ್ರಿಮ್ ಬೇರೆ, LRV ಹಾಕುವುದು ಬೇರೆ. ಝೀರೋ ಟ್ರಿಮ್ ಅಂದರೆ ನಿಜವಾದ ಸೊನ್ನೆ ಡಿಪಿಗೆ ಸೆನ್ಸರ್ ಸೊನ್ನೆ ಅನ್ನುವಂತೆ ಮಾಡುವುದು. ಅದನ್ನು ಈಕ್ವಲೈಸ್ ಸ್ಥಿತಿಯಲ್ಲೇ ಮಾಡಬೇಕು. LRV ಅಂದರೆ ಯಾವ ಡಿಪಿಗೆ 4 mA ಕೊಡಬೇಕು ಅನ್ನುವ ನಮ್ಮ ಲೆಕ್ಕ. ಅದನ್ನು ಕೂತು ಟೈಪ್ ಮಾಡಬೇಕು, ಬಟನ್ ಒತ್ತಿ ಹಿಡಿಯಬಾರದು. ನಮಗೆ +2ಕ್ಕೆ ಟ್ರಿಮ್ ಕೂಡ ಬೇಕಿರಲಿಲ್ಲ.

ಇನ್ನೂ ಒಂದು ಕೆಟ್ಟ ಚಾಳಿ ಇದೆ. ಗ್ಲಾಸಿಗೆ ಹೊಂದುವ ಹಾಗೆ ರೇಂಜನ್ನೇ ಸರಿಸಿಬಿಡುವುದು. LRV −1690, URV +220 ಅಂತ ಹಾಕಿದರೆ ಆ ದಿನ ಪ್ಯಾನೆಲ್ ಮತ್ತು ಗ್ಲಾಸ್ ಒಂದೇ ಹೇಳುತ್ತವೆ, ಎಲ್ಲರೂ ಖುಷಿ. ಮುಂದೆ ಯಾವಾಗಲೋ ಲೆಗ್ ತುಂಬಿಕೊಂಡ ದಿನ ಪ್ಯಾನೆಲ್ 15% ಕಡಿಮೆ ತೋರಿಸುತ್ತದೆ, ಟ್ಯಾಂಕ್ ಓವರ್‌ಫ್ಲೋ ಆಗುತ್ತದೆ. ಹಾಗಾಗಿ ರೇಂಜ್ ಸರಿಯಿದೆಯೇ ಅಂತ ಹಳೆಯ ಲೆಕ್ಕದ ಜೊತೆ ತಾಳೆ ನೋಡಿ. ಇಲ್ಲಿ −1990, −80 ಸರಿಯಾಗಿಯೇ ಇದ್ದವು.

ಉಳಿದದ್ದು ಲೆಗ್

300 ಎಂಎಂ ಒತ್ತಡ ಕಾಣೆಯಾಗಿದೆ ಅಂದರೆ ಲೆಗ್‌ನಲ್ಲಿ ಸುಮಾರು 301 ಎಂಎಂ ನೀರಿಲ್ಲ. ಎಲ್‌ಪಿ ಭಾರ ಇಳಿದರೆ ಡಿಪಿ ಸೊನ್ನೆಯ ಕಡೆ ಏರುತ್ತದೆ, ಲೆವೆಲ್ ಜಾಸ್ತಿ ಕಾಣುತ್ತದೆ. ದಿಕ್ಕೂ ಹೊಂದುತ್ತದೆ, ಅಳತೆಯೂ ಹೊಂದುತ್ತದೆ.

ಎಲ್‌ಪಿ ಕಡೆಯ ಡ್ರೈನ್‌ಗೆ ಕೈಪಂಪ್ ಜೋಡಿಸಿ, ಬಾಯ್ಲರ್‌ನ ಸ್ವಚ್ಛ ನೀರನ್ನು ಕೆಳಗಿನಿಂದ ಮೇಲಕ್ಕೆ ತುಂಬಿದೆವು. ಕೆಳಗಿನಿಂದ ತುಂಬಿದರೆ ಗಾಳಿಯೂ ಮೇಲೆ ಹೋಗುತ್ತದೆ. ಸ್ವಲ್ಪ ಪಂಪ್ ಮಾಡಿ ನಿಲ್ಲಿಸಿ PV ನೋಡುತ್ತಾ ಹೋಗಬೇಕು. ಪಂಪ್ ಮಾಡಿದರೂ PV ಇನ್ನು ಕೆಳಗಿಳಿಯದೆ ನಿಂತರೆ ಲೆಗ್ ತುಂಬಿ ಪಾಟ್‌ನಿಂದ ಉಕ್ಕುತ್ತಿದೆ ಅಂತ ಅರ್ಥ. ಲೆವೆಲ್ ಮತ್ತೆ ಅರ್ಧಕ್ಕೆ ತಂದಾಗ −1033 ಬಂತು. ಪ್ಯಾನೆಲ್‌ನಲ್ಲಿ 50.

ಇಲ್ಲಿಗೆ ಬಿಟ್ಟು ಹೋಗುವವರೇ ಜಾಸ್ತಿ. ಕಂಡೆನ್ಸೇಟ್ ಪಾಟ್ ಇರುವ ಲೆಗ್ ತಾನಾಗಿ ಖಾಲಿಯಾಗಬಾರದು. ಸಣ್ಣ ಸೋರಿಕೆ ಇದ್ದರೂ ಪಾಟ್ ತುಂಬಿಕೊಡಬೇಕು. ಮರುದಿನ ಬೆಳಗ್ಗೆಗೆ ಪ್ಯಾನೆಲ್ ಮತ್ತೆ ಗ್ಲಾಸಿಗಿಂತ ಮೇಲೇರಿತ್ತು.

ಸುಳಿವು ಕೊಟ್ಟದ್ದು ಬಾಯ್ಲರ್ ನಡೆಸುವ ಹಿರಿಯರು. ಮರಾಠಿಯಲ್ಲೇ ಹೇಳಿದರು, "ಸುಟ್ಟೀನಂತರ್ ನೇಹಮೀ ಫುಲ್ ದಾಖವ್ತೋ." ರಜೆ ಮುಗಿಸಿ ಬಾಯ್ಲರ್ ಎಬ್ಬಿಸಿದಾಗಲೆಲ್ಲಾ ಇದು ಫುಲ್ ತೋರಿಸುತ್ತದಂತೆ, ಆಮೇಲೆ ನಿಧಾನಕ್ಕೆ ಇಳಿಯುತ್ತದಂತೆ. ಫುಲ್ ಅಂದರೆ 104%, ಅಂದರೆ ಡಿಪಿ ಸೊನ್ನೆ. ಬಾಯ್ಲರ್ ನಿಂತಾಗ ಹಬೆ ಇಲ್ಲ, ಪಾಟ್‌ನಲ್ಲಿ ಹೊಸ ನೀರು ಹುಟ್ಟುವುದಿಲ್ಲ. ಲೆಗ್‌ನ ನೀರು ಎಲ್ಲಿಂದಲೋ ಇಳಿದು, ಟ್ಯಾಂಕಿನ ಮಟ್ಟಕ್ಕೆ ಬಂದು ನಿಂತಾಗ ಮಾತ್ರ ಡಿಪಿ ಸೊನ್ನೆಯಾಗಿ ಅಲ್ಲೇ ಉಳಿಯುತ್ತದೆ. ಹೊರಗೆ ಸೋರಿದ್ದರೆ ಲೆಗ್ ಟ್ಯಾಂಕಿನ ಮಟ್ಟಕ್ಕೆ ಬಂದು ನಿಲ್ಲುತ್ತಿರಲಿಲ್ಲ, ಇನ್ನೂ ಇಳಿಯುತ್ತಿತ್ತು. ನೆಲದ ಮೇಲೂ ಒಂದು ಹನಿ ಇರಲಿಲ್ಲ. ಹಾಗಾದರೆ ಎಲ್‌ಪಿಯಿಂದ ಎಚ್‌ಪಿಗೆ ಒಳದಾರಿ ಇದೆ. ಮ್ಯಾನಿಫೋಲ್ಡ್‌ನ ಈಕ್ವಲೈಸ್ ವಾಲ್ವ್.

ಅದನ್ನು ಬಿಚ್ಚದೆಯೇ ಪರೀಕ್ಷೆ ಮಾಡಬಹುದು. ಈಕ್ವಲೈಸ್ ವಾಲ್ವ್ ಬಿಗಿಯಾಗಿ ಮುಚ್ಚಿ, ಎಲ್‌ಪಿ ತೆರೆದೇ ಇಟ್ಟು, ಎಚ್‌ಪಿ ವಾಲ್ವ್ ಒಂದನ್ನೇ ಮುಚ್ಚಿ. ಈಗ ಎಚ್‌ಪಿ ಕೋಣೆಯ ಒತ್ತಡ ಅಲ್ಲೇ ಸಿಕ್ಕಿಕೊಂಡಿದೆ. ಈಕ್ವಲೈಸ್ ಸರಿ ಹಿಡಿದಿದ್ದರೆ PV ಇದ್ದಲ್ಲೇ ಇರಬೇಕು. ಪಾಸ್ ಆಗುತ್ತಿದ್ದರೆ ಎಲ್‌ಪಿಯ ಒತ್ತಡ ಆ ಕಡೆ ನುಗ್ಗಿ PV ಸೊನ್ನೆಯ ಕಡೆ ಓಡುತ್ತದೆ. ಸಿಕ್ಕಿಕೊಂಡ ನೀರು ಬಹಳ ಕಡಿಮೆ, ಹಾಗಾಗಿ ತುಸು ಪಾಸ್ ಆದರೂ ಬೇಗ ಗೊತ್ತಾಗುತ್ತದೆ. ನಮ್ಮ PV ನೋಡನೋಡುತ್ತಲೇ ಮೈನಸ್ ಸಾವಿರದಿಂದ ಏರಿ −20ರ ಹತ್ತಿರ ಬಂದು ನಿಂತಿತು.

ಎರಡು ಎಚ್ಚರಿಕೆ ಇವೆ. ಸಿಕ್ಕಿಕೊಂಡ ನೀರಿಗೆ ಬಿಸಿಲು ತಾಗಿದರೆ ಹಿಗ್ಗಿ ಅದೇ ಒತ್ತಡ ಏರಿಸುತ್ತದೆ. ನೆರಳು ಮಾಡಿಕೊಂಡು, ಕೆಲವೇ ನಿಮಿಷದಲ್ಲಿ ಮುಗಿಸಿ. ಇನ್ನೊಂದು, ಎಚ್‌ಪಿ ವಾಲ್ವ್ ಕೂಡ ಪಾಸ್ ಆಗುತ್ತಿದ್ದರೆ PV ಸರಿಯಾಗಿ ನಿಂತ ಹಾಗೆ ಕಂಡು ಮೋಸ ಮಾಡಬಹುದು. ಅನುಮಾನ ಇದ್ದರೆ ಎಚ್‌ಪಿ ರೂಟ್ ವಾಲ್ವ್ ಕೂಡ ಮುಚ್ಚಿ ಮತ್ತೊಮ್ಮೆ ನೋಡಿ.

ಈಕ್ವಲೈಸ್ ಪಾಸ್ ಆಗುತ್ತಿತ್ತು, ಸರಿ. ಆದರೆ ಪಾಟ್ ಯಾಕೆ ತುಂಬಿಕೊಡಲಿಲ್ಲ? ಏಣಿ ಹತ್ತಿ ನೋಡಿದರೆ ಪಾಟ್‌ಗೂ ಲೆಗ್‌ನ ಮೇಲಿನ ತುದಿಗೂ ಗ್ಲಾಸ್‌ವೂಲ್ ಸುತ್ತಿ, ಮೇಲೆ ಹೊಳೆಯುವ ಅಲ್ಯೂಮಿನಿಯಂ ಶೀಟ್ ಹೊದಿಸಿದ್ದರು. ಲ್ಯಾಗಿಂಗ್‌ನವರು ಬಿಸಿ ಇರುವುದನ್ನೆಲ್ಲಾ ಸುತ್ತುತ್ತಾ ಬಂದು ಇದನ್ನೂ ಬೆಚ್ಚಗೆ ಮಲಗಿಸಿದ್ದರು. ಕೆಲಸ ಬಹಳ ಅಚ್ಚುಕಟ್ಟಾಗಿತ್ತು, ಅದೇ ತೊಂದರೆ. ಪಾಟ್‌ನ ಕೆಲಸವೇ ಶಾಖ ಬಿಟ್ಟು ಹಬೆಯನ್ನು ನೀರು ಮಾಡುವುದು. ಮುಚ್ಚಿದ ಮೇಲೆ ನೀರು ಹುಟ್ಟುವುದು ತೀರಾ ಕಡಿಮೆಯಾಯಿತು. ಲೆಗ್ ಇಳಿದಂತೆ ಅದರ ತಳ್ಳುವ ಒತ್ತಡವೂ ಇಳಿದು ಸೋರಿಕೆ ನಿಧಾನವಾಗುತ್ತದೆ. ಹುಟ್ಟುವ ನೀರು, ಸೋರುವ ನೀರು ಸಮವಾದ ಜಾಗ ಈ ಮುನ್ನೂರು ಎಂಎಂ. ಹಾಗಾಗಿಯೇ ತಪ್ಪು ಬೆಳೆಯದೆ ಅಲ್ಲೇ ಕೂತಿತ್ತು, ಎಲ್ಲರೂ ಅದನ್ನು ಝೀರೋ ಸರಿದದ್ದು ಅಂದುಕೊಂಡಿದ್ದರು.

ಪಾಟ್‌ನ ಲ್ಯಾಗಿಂಗ್ ಅವತ್ತೇ ಕಿತ್ತೆವು, ತಪ್ಪು ಕೆಲವೇ ಗಂಟೆಗಳಲ್ಲಿ ಬಹುಪಾಲು ಇಳಿಯಿತು. ಸೀಟ್ ಸವೆದ ಮ್ಯಾನಿಫೋಲ್ಡನ್ನು ಮುಂದಿನ ಶಟ್‌ಡೌನ್‌ನಲ್ಲಿ ಬದಲಿಸಿದೆವು. 105 ಡಿಗ್ರಿಯ ನೀರು ಲೈನ್ ಬಿಚ್ಚಿದ ಕೂಡಲೇ ಹಬೆಯಾಗಿ ಹಾರುತ್ತದೆ, ಹಾಗಾಗಿ ಆ ಕೆಲಸ ರೂಟ್ ವಾಲ್ವ್‌ಗಳು ಹಿಡಿದಿವೆ ಅಂತ ಖಾತ್ರಿಯಾದ ಮೇಲೆ, ಲೈನ್ ತಣ್ಣಗಾದ ಮೇಲೆ.

ಪಾಟ್ ಇಲ್ಲದ ಲೆಗ್‌ಗಳಿಗೆ ಇದೇ ಹುಡುಕಾಟ ಹೊಂದುತ್ತದೆ, ಕಾರಣ ಮಾತ್ರ ಬೇರೆ ಇರುತ್ತದೆ. ನೈಟ್ರೋಜನ್ ಹೊದಿಕೆಯ ಸಾಲ್ವೆಂಟ್ ಟ್ಯಾಂಕ್‌ನಲ್ಲಿ ಕೈಯಿಂದ ತುಂಬಿದ ಲೆಗ್ ಇದ್ದರೆ ಅದನ್ನು ತುಂಬಿಕೊಡುವವರು ಯಾರೂ ಇಲ್ಲ. ಆವಿಯಾಗುತ್ತಾ ಹೋದಂತೆ ತಪ್ಪು ತಿಂಗಳುಗಟ್ಟಲೆ ಒಂದೇ ದಿಕ್ಕಿನಲ್ಲಿ ಬೆಳೆಯುತ್ತದೆ. ಅಲ್ಲಿ ಮತ್ತೆ ತುಂಬುವಾಗ ಮೊದಲು ಇದ್ದ ದ್ರವವನ್ನೇ ತುಂಬಿ. ಗ್ಲೈಕಾಲ್ ಲೆಕ್ಕ ಹಾಕಿದ ಲೆಗ್‌ಗೆ ನೀರು ಸುರಿದರೆ LRV ಪೂರ್ತಿ ತಪ್ಪುತ್ತದೆ.

ಟ್ರಾನ್ಸ್‌ಮಿಟರ್ ಪಕ್ಕ ಈಗ ಒಂದು ಸಣ್ಣ ತಗಡಿನ ಪಟ್ಟಿ ಇದೆ. ಅದರ ಮೇಲೆ ನಾಲ್ಕು ಸಾಲು: ಖಾಲಿಗೆ −1990, ಅರ್ಧಕ್ಕೆ −1035, ತುಂಬಿದಾಗ −80, ಈಕ್ವಲೈಸ್‌ನಲ್ಲಿ 0 ಮತ್ತು 20 mA ಮೇಲೆ. ರಜೆಯ ನಂತರ ತಣ್ಣನೆ ಟ್ಯಾಂಕ್‌ನಲ್ಲಿ ಗ್ಲಾಸ್ 50 ಇದ್ದಾಗ ಪ್ಯಾನೆಲ್ 52 ತೋರಿಸುತ್ತದೆ. ತಣ್ಣೀರು ಭಾರ, ರೇಂಜ್ ಬಿಸಿ ನೀರಿಗೆ ಹಾಕಿದ್ದು, ಅಷ್ಟೇ. ನೀರು ಬಿಸಿಯಾಗಿ ಹಿಗ್ಗಿದಂತೆ ಗ್ಲಾಸ್ ತಾನೇ ಮೇಲೆ ಬಂದು ಅಂತರ ಕರಗುತ್ತದೆ. ಆ ಎರಡು ಪರ್ಸೆಂಟಿಗೆ ಹ್ಯಾಂಡ್‌ಹೆಲ್ಡ್ ತೆಗೆಯಬೇಡಿ.